ಫೋಟೊದಲ್ಲಿರುವುದು ಉಡವೇ? ನಾಲಿಗೆ, ಬಾಲ ಮತ್ತು ಹುರುಪೆಗಳಿಂದ ಗುರುತಿಸುವ ಕ್ರಮ

ಕೆರೆಯ ಏರಿಯ ಮೇಲೆ ಮಲಗಿದ್ದ ಉಡದ ಫೋಟೊ ಮೊಸಳೆಯ ಹೆಸರಿನಲ್ಲಿ ಊರೂರು ಸುತ್ತುವುದು, ಸಾಕಿದವರ ಮನೆಯಿಂದ ತಪ್ಪಿಸಿಕೊಂಡ ಇಗ್ವಾನಾವನ್ನು ಉಡವೆಂದು ಕರೆಯುವುದು, ಬಿಲದಿಂದ ಹೊರಚಾಚಿದ ಉಡದ ತಲೆಯನ್ನು ಹಾವೆಂದು ನಂಬುವುದು, ಇವೆಲ್ಲ ಮತ್ತೆ ಮತ್ತೆ ನಡೆಯುವ ತಪ್ಪುಗಳು. ಇವುಗಳ ಮೂಲದಲ್ಲಿ ಸಾಮಾನ್ಯವಾಗಿ ಒಂದೇ ಕಾರಣವಿರುತ್ತದೆ: ನೋಡುವವರು ಮೊದಲು ಗಾತ್ರವನ್ನೂ ಬಣ್ಣವನ್ನೂ ನೋಡುತ್ತಾರೆ. ಆದರೆ ಫೋಟೊದಲ್ಲಿ ಅತ್ಯಂತ ಸುಲಭವಾಗಿ ಮೋಸ ಮಾಡುವ ಎರಡು ಸಂಗತಿಗಳೇ ಇವು. ಪಕ್ಕದಲ್ಲಿ ಅಳತೆಗೆ ಸಿಗುವ ವಸ್ತು ಇಲ್ಲದಿದ್ದರೆ ಒಂದು ಅಡಿಯ ಪ್ರಾಣಿಯೂ ಐದು ಅಡಿಯ ಪ್ರಾಣಿಯೂ ಪರದೆಯ ಮೇಲೆ ಒಂದೇ ರೀತಿ ಕಾಣುತ್ತವೆ. ಕೆಸರು, ನೀರು ಮತ್ತು ಸಂಜೆಯ ಬಿಸಿಲು ಸೇರಿದರೆ ಬೂದು, ಕಂದು, ಹಳದಿ ಎಂಬ ವ್ಯತ್ಯಾಸಕ್ಕೆ ಅರ್ಥವೇ ಉಳಿಯುವುದಿಲ್ಲ. ಮೈಮೇಲಿನ ಅಡ್ಡಪಟ್ಟೆಗಳನ್ನೂ ನೆಚ್ಚಿಕೊಳ್ಳುವಂತಿಲ್ಲ. ಉಡದ ಮರಿಗೂ ಮೊಸಳೆಯ ಮರಿಗೂ ಮೈಮೇಲೆ ಅಡ್ಡಸಾಲಿನ ಗುರುತುಗಳಿರುತ್ತವೆ.

ಆದ್ದರಿಂದ ಇಲ್ಲಿ ಬಣ್ಣವನ್ನೂ ಗಾತ್ರವನ್ನೂ ಬದಿಗಿಟ್ಟು, ನಾಲಿಗೆ, ಬಾಲದ ಆಕಾರ, ಹುರುಪೆಗಳ ಜೋಡಣೆ ಎಂಬ ಮೂರು ಲಕ್ಷಣಗಳ ಮೇಲೆ ಮಾತ್ರ ನಿಂತು ನಿರ್ಧರಿಸುವ ಕ್ರಮವನ್ನು ವಿವರಿಸಿದ್ದೇನೆ. ಕರ್ನಾಟಕದಲ್ಲಿ ಕಾಣಸಿಗುವ ಉಡ ಒಂದೇ ಪ್ರಭೇದದ್ದು, ಬಂಗಾಳ ಉಡ. ಅದರ ವೈಜ್ಞಾನಿಕ ಹೆಸರು ವರಾನಸ್ ಬೆಂಗಾಲೆನ್ಸಿಸ್. ಅದನ್ನೇ ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಬೇರೆ ಉಡಗಳ ಮಾತು ಕೊನೆಯ ಭಾಗದಲ್ಲಿ ಬರುತ್ತದೆ.

ಮೊದಲು ಫೋಟೊವನ್ನೇ ಪರೀಕ್ಷಿಸಿ

ಪ್ರಾಣಿಯನ್ನು ನೋಡುವ ಮುನ್ನ, ಈ ಫೋಟೊ ಎಷ್ಟನ್ನು ಹೇಳಬಲ್ಲದು ಎಂಬುದನ್ನು ತಿಳಿದುಕೊಳ್ಳಬೇಕು. ವಾಟ್ಸಾಪ್‌ನಲ್ಲಿ ಫೋಟೊವಾಗಿಯೇ ಕಳುಹಿಸಿದ ಚಿತ್ರ ದಾರಿಯಲ್ಲಿ ಕುಗ್ಗುತ್ತದೆ, ಅದರಲ್ಲಿನ ಸಣ್ಣ ವಿವರಗಳು ಒಂದರೊಳಗೊಂದು ಕಲಸಿಹೋಗುತ್ತವೆ. ಉಡದ ಬೆನ್ನಿನ ಸಣ್ಣ ಹುರುಪೆಗಳು ಮೊದಲು ಮಾಯವಾಗುವುದು ಇಲ್ಲಿಯೇ. ಆಗ ಬೆನ್ನು ನುಣ್ಣಗೆ ಕಾಣುತ್ತದೆ; ಕೆಲವು ಫೋನುಗಳು ಚಿತ್ರವನ್ನು ತಾವಾಗಿಯೇ ಚುರುಕುಗೊಳಿಸುವುದರಿಂದ ಇಲ್ಲದ ಚೌಕಗಳೂ ಗೆರೆಗಳೂ ಮೂಡಿದಂತೆ ತೋರುತ್ತವೆ. ಹಾಗಾಗಿ ಸಾಧ್ಯವಾದಾಗಲೆಲ್ಲ ಫೋಟೊ ತೆಗೆದವರಿಂದ ಮೂಲ ಚಿತ್ರವನ್ನು ಡಾಕ್ಯುಮೆಂಟ್ ರೂಪದಲ್ಲಿ ಕೇಳಿ ಪಡೆಯಿರಿ. ಒಂದೇ ಫೋಟೊ ಕಳುಹಿಸಿದ್ದರೆ, ಹಿಂದೆ ಮುಂದೆ ತೆಗೆದವುಗಳನ್ನೂ ಕೇಳಿ. ಚೆನ್ನಾಗಿ ಬಂದಿಲ್ಲವೆಂದು ಅವರು ಬಿಟ್ಟಿದ್ದ ಚಿತ್ರದಲ್ಲಿಯೇ ಬಾಲ ಪೂರ್ತಿಯಾಗಿ ಇರಬಹುದು.

ಚಿತ್ರದ ಗುಣಮಟ್ಟವನ್ನು ಅಳೆಯಲು ನಾನು ಅನುಸರಿಸುವ ಸರಳ ಕ್ರಮವೊಂದಿದೆ. ಪ್ರಾಣಿಯ ಕಣ್ಣನ್ನು ಹಿಗ್ಗಿಸಿ ನೋಡುತ್ತೇನೆ. ಕಣ್ಣಿನ ಪಾಪೆ ಅದರ ಸುತ್ತಲ ಬಣ್ಣದಿಂದ ಬೇರೆಯಾಗಿ ಕಾಣಿಸಿದರೆ, ಅದೇ ದೂರದಲ್ಲಿರುವ ಭುಜ ಮತ್ತು ಕುತ್ತಿಗೆಯ ಹುರುಪೆಗಳ ಬಗ್ಗೆ ಮಾತನಾಡಬಹುದು. ಕಣ್ಣೇ ಒಂದು ಕಪ್ಪು ಚುಕ್ಕೆಯಾಗಿದ್ದರೆ ಹುರುಪೆಯ ಮಾತನ್ನು ಬಿಟ್ಟು ಬಾಲ ಮತ್ತು ದೇಹದ ಹೊರರೇಖೆಯನ್ನು ಮಾತ್ರ ನಂಬುತ್ತೇನೆ. ಪಾಪೆ ಕಂಡರೆ ಇನ್ನೊಂದು ಅನುಕೂಲವೂ ಇದೆ: ಉಡದ ಪಾಪೆ ದುಂಡಗಿರುತ್ತದೆ, ಮೊಸಳೆಯ ಪಾಪೆ ಬೆಳಕಿನಲ್ಲಿ ನೆಟ್ಟನೆಯ ಸೀಳಾಗಿ ಕಿರಿದಾಗುತ್ತದೆ.

ನಾಲಿಗೆ: ಕಂಡರೆ ಬಹಳ ಹೇಳುತ್ತದೆ, ಕಾಣದಿದ್ದರೆ ಏನನ್ನೂ ಹೇಳುವುದಿಲ್ಲ

ಉಡದ ನಾಲಿಗೆ ಉದ್ದ, ತೆಳು, ಮತ್ತು ತುದಿಯಿಂದ ಆಳದವರೆಗೆ ಎರಡಾಗಿ ಸೀಳಿದ್ದು. ಬಂಗಾಳ ಉಡದಲ್ಲಿ ಅದಕ್ಕೆ ಸಾಮಾನ್ಯವಾಗಿ ನೀಲಿಬೂದು ಅಥವಾ ನೇರಳೆ ಛಾಯೆ ಇರುತ್ತದೆ. ಬುಡದಲ್ಲಿರುವ ಒರೆಯೊಳಗೆ ಈ ನಾಲಿಗೆ ಹಿಂದೆ ಸರಿಯುತ್ತದೆ, ಆದ್ದರಿಂದ ಬಾಯಿ ಸ್ವಲ್ಪವೇ ತೆರೆದಿದ್ದರೂ ಒಳಗೆ ನಾಲಿಗೆ ಕಾಣದೆ ಇರಬಹುದು. ಉಡ ಅದನ್ನು ಹೊರಚಾಚುವುದು ಗಾಳಿಯಲ್ಲಿ ಮತ್ತು ನೆಲದ ಮೇಲೆ ಇರುವ ವಾಸನೆಯ ಕಣಗಳನ್ನು ಹಿಡಿದು ಅಂಗುಳದಲ್ಲಿರುವ ಜೇಕಬ್ಸನ್ ಅಂಗಕ್ಕೆ ಮುಟ್ಟಿಸಲು. ಎರಡು ಕವಲುಗಳು ಎರಡು ಬದಿಯ ವಾಸನೆಯನ್ನು ಬೇರೆಬೇರೆಯಾಗಿ ತರುವುದರಿಂದ, ಬೇಟೆ ಹೋದ ದಿಕ್ಕು ಅದಕ್ಕೆ ತಿಳಿಯುತ್ತದೆ. ನಡೆಯುತ್ತ ಆಹಾರ ಹುಡುಕುವ ಉಡ ನಾಲಿಗೆಯನ್ನು ಪದೇ ಪದೇ ಚಾಚುತ್ತದೆ; ಬಿಸಿಲು ಕಾಯಿಸುತ್ತ ಮಲಗಿದ್ದರೆ ಬಹಳ ಹೊತ್ತು ಚಾಚದೆಯೂ ಇರಬಹುದು.

ಈಗ ಬೇರೆ ಪ್ರಾಣಿಗಳ ನಾಲಿಗೆಯನ್ನು ಇದರ ಪಕ್ಕದಲ್ಲಿ ಇಟ್ಟು ನೋಡೋಣ. ಮೊಸಳೆಯ ನಾಲಿಗೆ ಬಾಯಿಯ ತಳಕ್ಕೆ ಅಂಟಿಕೊಂಡಿರುತ್ತದೆ, ಅದನ್ನು ಹೊರಚಾಚಲು ಮೊಸಳೆಗೆ ಸಾಧ್ಯವೇ ಇಲ್ಲ. ಬಾಯಿ ತೆರೆದು ಮಲಗಿದ ಮೊಸಳೆಯ ಫೋಟೊದಲ್ಲಿ ಒಳಗೆ ಅಗಲವಾದ, ಮಾಸಲು ಬಣ್ಣದ ಹಾಸು ಕಾಣುತ್ತದೆಯೇ ಹೊರತು ಕವಲು ಕಾಣುವುದಿಲ್ಲ. ಇಗ್ವಾನಾ ಮತ್ತು ಓತಿಕ್ಯಾತಗಳ ನಾಲಿಗೆ ದಪ್ಪ, ಮಾಂಸಲ ಮತ್ತು ಮೊಂಡು. ತುದಿಯಲ್ಲಿ ಹೆಚ್ಚೆಂದರೆ ಸಣ್ಣ ಕಚ್ಚು ಇರುತ್ತದೆ. ಹಾವುರಾಣಿಯೂ ನಾಲಿಗೆ ಚಾಚುತ್ತದೆ, ಆದರೆ ಅದು ಚಪ್ಪಟೆಯಾಗಿ ಅಗಲವಾಗಿರುತ್ತದೆ, ಆಳವಾದ ಸೀಳು ಇರುವುದಿಲ್ಲ. ಹೀಗಾಗಿ ಕಾಲುಗಳಿರುವ ಪ್ರಾಣಿಯೊಂದು ಉದ್ದವಾದ ಸೀಳುನಾಲಿಗೆಯನ್ನು ಚಾಚಿದ್ದು ಸ್ಪಷ್ಟವಾಗಿ ಕಂಡರೆ ಮೊಸಳೆ, ಇಗ್ವಾನಾ, ಓತಿಕ್ಯಾತ, ಹಾವುರಾಣಿ ನಾಲ್ಕನ್ನೂ ಒಟ್ಟಿಗೆ ಪಟ್ಟಿಯಿಂದ ತೆಗೆಯಬಹುದು.

ಇಷ್ಟಾದ ಮಾತ್ರಕ್ಕೆ ಅದು ಉಡವೆಂದು ಬರೆದುಬಿಡಬಾರದು. ದಕ್ಷಿಣ ಅಮೆರಿಕದ ಟೇಗು ಎಂಬ ದೊಡ್ಡ ಹಲ್ಲಿಗೂ ಸೀಳುನಾಲಿಗೆ ಇದೆ, ಅದನ್ನು ಹಲವು ದೇಶಗಳಲ್ಲಿ ಸಾಕುಪ್ರಾಣಿಯಾಗಿ ಇಟ್ಟುಕೊಳ್ಳುತ್ತಾರೆ. ಅಮೆರಿಕದ ದಕ್ಷಿಣ ಫ್ಲೋರಿಡಾದಲ್ಲಂತೂ ಟೇಗು, ಹಸಿರು ಇಗ್ವಾನಾ ಮತ್ತು ಆಫ್ರಿಕಾ ಮೂಲದ ನೈಲ್ ಉಡ ಮೂರೂ ಹೊರಗಿನಿಂದ ಬಂದು ನೆಲೆಸಿವೆ, ಜೊತೆಗೆ ಅಲ್ಲಿಯದೇ ಆದ ಅಲಿಗೇಟರ್ ಇದೆ. ಅಲ್ಲಿರುವ ನಮ್ಮವರು ಮನೆಯ ಹಿತ್ತಲಿನಿಂದ ತೆಗೆದು ಕಳುಹಿಸುವ ಚಿತ್ರದಲ್ಲಿ ಸೀಳುನಾಲಿಗೆ ಕಂಡರೆ ಇಗ್ವಾನಾವನ್ನೂ ಅಲಿಗೇಟರನ್ನೂ ಬಿಡಬಹುದು. ಉಡ ಮತ್ತು ಟೇಗುಗಳ ನಡುವೆ ತೀರ್ಮಾನಿಸಲು ತಲೆಯ ಹುರುಪೆಗಳನ್ನೇ ನೋಡಬೇಕು. ಅದನ್ನು ಮುಂದೆ ಹೇಳುತ್ತೇನೆ.

ಹಾವಿನ ಪ್ರಶ್ನೆಯೂ ಇದೆ. ಹುತ್ತದ ಬಾಯಿಯಿಂದಲೋ ಮರದ ಪೊಟರೆಯಿಂದಲೋ ತಲೆಯೊಂದು ಹೊರಬಂದು ನಾಲಿಗೆ ಚಾಚಿದ್ದರೆ, ಕಾಲು ಕಾಣದೆ ಇರುವುದರಿಂದ ಗೊಂದಲ ಸಹಜ. ಆಗ ಕಣ್ಣಿನ ಹಿಂಭಾಗವನ್ನು ನೋಡಿ. ಉಡದ ತಲೆಯ ಬದಿಯಲ್ಲಿ ಕಿವಿಯ ತೆರಪು ಸ್ಪಷ್ಟವಾಗಿರುತ್ತದೆ, ಕಣ್ಣಿಗೆ ರೆಪ್ಪೆಯಿರುತ್ತದೆ. ಹಾವಿಗೆ ಇವೆರಡೂ ಇಲ್ಲ. ಇದರ ಜೊತೆಗೆ ಕೇರೆಯಂಥ ಹಾವಿನ ತುಟಿಯಂಚಿನಲ್ಲಿ ದೊಡ್ಡ ಹುರುಪೆಗಳು ಸಾಲಾಗಿ ಜೋಡಿಸಿರುವುದು ಕಾಣುತ್ತದೆ. ಉಡದ ತುಟಿಯಂಚಿನಲ್ಲಿ ಇರುವುದು ಸಣ್ಣ ಹುರುಪೆಗಳು.

ನಾಲಿಗೆಯ ವಿಷಯದಲ್ಲಿ ಫೋಟೊ ಎರಡು ರೀತಿ ದಾರಿ ತಪ್ಪಿಸುತ್ತದೆ. ಬಾಯಿಯ ಮುಂದೆ ಇರುವ ಒಣಹುಲ್ಲಿನ ಕವಲು ಕೆಲವೊಮ್ಮೆ ನಾಲಿಗೆಯ ಹಾಗೆಯೇ ಕಾಣುತ್ತದೆ. ಅದು ಬಾಯಿಯ ಅಂಚನ್ನು ದಾಟಿ ಹಿಂದಕ್ಕೂ ಮುಂದುವರಿದಿದೆಯೇ, ಅದೇ ಬಣ್ಣದ ಹುಲ್ಲು ಪಕ್ಕದಲ್ಲಿಯೂ ಇದೆಯೇ ಎಂದು ನೋಡಿದರೆ ಸತ್ಯ ತಿಳಿಯುತ್ತದೆ. ಎರಡನೆಯದು ಚಲನೆಯ ಮಸುಕು. ನಾಲಿಗೆ ವೇಗವಾಗಿ ಅಲುಗಾಡಿದಾಗ ಎರಡು ಕವಲುಗಳು ಒಂದಾಗಿ ದಪ್ಪ ನಾಲಿಗೆಯಂತೆ ತೋರಬಹುದು, ಹಾಗೆಯೇ ಒಂದು ತುದಿ ಎರಡಾಗಿಯೂ ತೋರಬಹುದು. ಮಸುಕಾದ ನಾಲಿಗೆಯನ್ನು ಪುರಾವೆಯಾಗಿ ತೆಗೆದುಕೊಳ್ಳದಿರುವುದೇ ಸರಿ. ನೀವೇ ಫೋಟೊ ತೆಗೆಯುವವರಾದರೆ ಒಂದೊಂದೇ ಕ್ಲಿಕ್ ಮಾಡುವ ಬದಲು ಬಟನ್ ಒತ್ತಿ ಹಿಡಿದು ಸಾಲಾಗಿ ತೆಗೆಯಿರಿ.

ಬಾಲ: ದೂರದ ಚಿತ್ರಕ್ಕೆ ಇದೇ ಆಧಾರ

ಅನೇಕ ಫೋಟೊಗಳಲ್ಲಿ ಪ್ರಾಣಿ ಬೆನ್ನು ತಿರುಗಿಸಿ ಓಡುತ್ತಿರುತ್ತದೆ, ಬಾಲವೊಂದೇ ಸ್ಪಷ್ಟವಾಗಿ ಸಿಗುತ್ತದೆ. ಅದೃಷ್ಟವಶಾತ್ ಉಡದ ಬಾಲ ಬಹಳ ವಿಷಯ ಹೇಳುತ್ತದೆ. ಬಂಗಾಳ ಉಡದ ಬಾಲ ಎರಡೂ ಬದಿಯಿಂದ ಒತ್ತಿದಂತೆ ಚಪ್ಪಟೆಯಾಗಿರುತ್ತದೆ. ಮೇಲಂಚಿನಲ್ಲಿ ತಗ್ಗಾದ ಜೋಡಿ ಏಣು ಉದ್ದಕ್ಕೂ ಸಾಗುತ್ತದೆ, ಆದರೆ ಅದು ಎಷ್ಟು ತಗ್ಗಾಗಿರುತ್ತದೆಂದರೆ ಕೆಲವು ಮಾರು ದೂರದಿಂದ ಬಾಲದ ಅಂಚು ಒಂದೇ ನಯವಾದ ಗೆರೆಯಾಗಿ ಕಾಣುತ್ತದೆ. ಬುಡದಲ್ಲಿ ದಪ್ಪವಾಗಿದ್ದು ಕ್ರಮವಾಗಿ ಸಣ್ಣಗಾಗುತ್ತ, ತುದಿಯಲ್ಲಿ ಬಹಳ ತೆಳುವಾಗುತ್ತದೆ.

ಮೊಸಳೆಯ ಬಾಲವೂ ಬದಿಯಿಂದ ಚಪ್ಪಟೆಯೇ. ಆದ್ದರಿಂದ ಚಪ್ಪಟೆ ಎಂಬ ಒಂದೇ ಗುಣದಿಂದ ಏನೂ ತೀರ್ಮಾನವಾಗುವುದಿಲ್ಲ, ಅಂಚನ್ನು ನೋಡಬೇಕು. ಮೊಸಳೆಯ ಬಾಲದ ಮೇಲೆ ನೆಟ್ಟಗೆ ನಿಂತ ತ್ರಿಕೋನಾಕಾರದ ದೊಡ್ಡ ಹುರುಪೆಗಳು ಬುಡದಿಂದ ಎರಡು ಸಾಲುಗಳಾಗಿ ಹೊರಟು, ಬಾಲದ ನಡುಭಾಗದ ಸುಮಾರಿಗೆ ಒಂದಕ್ಕೊಂದು ಸಮೀಪಿಸಿ, ಅಲ್ಲಿಂದ ತುದಿಯವರೆಗೆ ಒಂದೇ ಸಾಲಾಗಿ ಮುಂದುವರಿಯುತ್ತವೆ. ಎರಡು ಸಾಲು ಸೇರಿ ಒಂದಾಗುವ ಈ ಸ್ಥಳ ಯಾವ ಉಡದಲ್ಲೂ ಇಲ್ಲ. ಅಡಿಯುದ್ದದ ಮೊಸಳೆ ಮರಿಯಲ್ಲೂ ಇದು ಇದೆ. ಗಾತ್ರ ಗೊತ್ತಿಲ್ಲದ ಫೋಟೊದಲ್ಲಿ ಮರಿಮೊಸಳೆಯನ್ನೂ ಬೆಳೆದ ಉಡವನ್ನೂ ಬೇರ್ಪಡಿಸಲು ನಾನು ಇದನ್ನೇ ಹೆಚ್ಚು ನೆಚ್ಚುತ್ತೇನೆ.

ಉದ್ದದ ಅನುಪಾತವೂ ನೆರವಿಗೆ ಬರುತ್ತದೆ. ಬಂಗಾಳ ಉಡದ ಬಾಲ ಅದರ ತಲೆ ಮತ್ತು ಮುಂಡ ಸೇರಿದ ಉದ್ದಕ್ಕಿಂತ ಹೆಚ್ಚು. ಪೂರ್ತಿ ಬೆಳೆದ ದೊಡ್ಡ ಉಡ ಮೂತಿಯಿಂದ ಬಾಲದ ಬುಡದವರೆಗೆ 75 ಸೆಂಟಿಮೀಟರ್, ಬಾಲ ಒಂದು ಮೀಟರ್ ಇರಬಹುದು. ಮೊಸಳೆಯಲ್ಲಿ ಈ ಎರಡು ಭಾಗಗಳು ಹೆಚ್ಚುಕಡಿಮೆ ಸಮಸಮ. ಫೋಟೊದಲ್ಲಿ ಅಳೆಯುವಾಗ ಮೂತಿಯ ತುದಿಯಿಂದ ಹಿಂಗಾಲಿನ ಬುಡದವರೆಗೆ ಒಂದು ಅಳತೆ, ಅಲ್ಲಿಂದ ಬಾಲದ ತುದಿಯವರೆಗೆ ಬಾಗನ್ನು ಅನುಸರಿಸಿ ಇನ್ನೊಂದು ಅಳತೆ ತೆಗೆದುಕೊಳ್ಳಿ. ನೇರಗೆರೆ ಎಳೆದು ಅಳೆದರೆ ಬಾಗಿದ ಬಾಲ ಗಿಡ್ಡವಾಗಿಬಿಡುತ್ತದೆ. ಪ್ರಾಣಿ ಪಕ್ಕಕ್ಕೆ ನಿಂತ ಚಿತ್ರದಲ್ಲಿ ಮಾತ್ರ ಈ ಅಳತೆಗೆ ಬೆಲೆ; ಕ್ಯಾಮೆರಾದ ಕಡೆಗೆ ಮುಖ ಮಾಡಿದ್ದರೆ ತಲೆ ಹಿಗ್ಗಿ ಬಾಲ ಕುಗ್ಗುತ್ತದೆ, ಆಗ ಅಳೆಯದಿರುವುದೇ ಒಳ್ಳೆಯದು.

ಬಾಲದ ತುದಿಯನ್ನೂ ಗಮನಿಸಬೇಕು. ಉಡದ ಬಾಲ ತುಂಡಾದರೆ ಮತ್ತೆ ಬೆಳೆಯುವುದಿಲ್ಲ. ನಾಯಿಯ ಬಾಯಿಗೆ ಸಿಕ್ಕಿ ಬಾಲದ ತುದಿ ಕಳೆದುಕೊಂಡ ಉಡ ಬದುಕಿನುದ್ದಕ್ಕೂ ಮೊಂಡುಬಾಲದಲ್ಲೇ ಇರುತ್ತದೆ, ಅಂಥದ್ದರಲ್ಲಿ ಅನುಪಾತದ ಲೆಕ್ಕ ನಡೆಯುವುದಿಲ್ಲ. ಇದಕ್ಕೆ ವಿರುದ್ಧವಾಗಿ, ಬಾಲದ ಒಂದು ಭಾಗದಿಂದ ಆಚೆಗೆ ಬಣ್ಣವೂ ಹುರುಪೆಯೂ ಥಟ್ಟನೆ ಬದಲಾಗಿ, ಪಟ್ಟೆಗಳಿಲ್ಲದ ಹೊಸ ತುದಿ ಬೆಳೆದಿದ್ದರೆ ಅದು ಉಡವಲ್ಲ. ಇಗ್ವಾನಾ, ಟೇಗು, ಹಾವುರಾಣಿಗಳಲ್ಲಿ ಬಾಲ ಹೀಗೆ ಮರಳಿ ಬೆಳೆಯುತ್ತದೆ. ರಾಜಸ್ಥಾನ ಮತ್ತು ಕಚ್ಛ್‌ನ ಒಣನೆಲದ ಚಿತ್ರಗಳಲ್ಲಿ ಬರುವ ಮುಳ್ಳುಬಾಲದ ಹಲ್ಲಿ, ಅಂದರೆ ಅಲ್ಲಿಯ ಜನ ಸಾಂಡಾ ಎನ್ನುವ ಪ್ರಾಣಿ, ಉಡದ ಜೊತೆ ಗೊಂದಲವಾಗಲು ಕಾರಣವೇ ಇಲ್ಲ: ಅದರ ದಪ್ಪ, ಗಿಡ್ಡ ಬಾಲದ ಸುತ್ತ ಮುಳ್ಳಿನ ಹುರುಪೆಗಳು ಬಳೆಬಳೆಯಾಗಿ ಇರುತ್ತವೆ.

ಹುರುಪೆ: ಕೊನೆಯ ಮಾತು ಇದರದ್ದು

ಉಡದ ಬೆನ್ನಿನ ಒಂದೊಂದು ಹುರುಪೆಯೂ ಅಂಡಾಕಾರದ್ದು, ನಡುವೆ ಸಣ್ಣ ಏಣು ಇರುವಂಥದ್ದು. ಅದರ ಸುತ್ತ ಇನ್ನೂ ಚಿಕ್ಕ ಕಣಗಳು ಉಂಗುರದಂತೆ ಕುಳಿತಿರುತ್ತವೆ. ಒಂದರ ಮೇಲೊಂದು ಹೊದಿಸಿದಂತೆ ಇರದೆ, ಪಕ್ಕಪಕ್ಕದಲ್ಲಿ ಇಟ್ಟಂತೆ ಇರುತ್ತವೆ. ಸ್ವಲ್ಪ ದೂರದ ಚಿತ್ರದಲ್ಲಿ ಇದೆಲ್ಲ ಸೇರಿ ಚರ್ಮದ ಮೇಲೆ ರಾಗಿಕಾಳು ಒತ್ತೊತ್ತಾಗಿ ಹರಡಿದಂತೆ ತೋರುತ್ತದೆ. ಬೆನ್ನಿನ ನಡುಗೆರೆಯಲ್ಲಿ ಮುಳ್ಳಿನ ಸಾಲೂ ಇಲ್ಲ, ದೊಡ್ಡ ಫಲಕಗಳೂ ಇಲ್ಲ. ಕುತ್ತಿಗೆಯಿಂದ ಬಾಲದ ಬುಡದವರೆಗೆ ಒಂದೇ ಬಗೆಯ ಕಾಳುಕಾಳಾದ ಮೈ.

ಮೊಸಳೆಯ ಬೆನ್ನಿನಲ್ಲಿ ಹುರುಪೆಗಳ ಕೆಳಗೆ ಮೂಳೆಯ ಫಲಕಗಳಿವೆ. ಹೊರಗಿನಿಂದ ಅವು ಏಣುಳ್ಳ ಚೌಕಗಳಾಗಿ, ಉದ್ದಕ್ಕೂ ಅಡ್ಡಕ್ಕೂ ಸಾಲಾಗಿ ಕಾಣುತ್ತವೆ. ನಮ್ಮ ಕಾವೇರಿ, ಕಾಳಿ, ತುಂಗಭದ್ರಾ ನದಿಗಳಲ್ಲಿರುವ ಜೌಗುಮೊಸಳೆಯ ಕುತ್ತಿಗೆಯ ಮೇಲೆ ನಾಲ್ಕು ದೊಡ್ಡ ಫಲಕಗಳು ಚೌಕವಾಗಿ ಕುಳಿತಿರುತ್ತವೆ, ಅವುಗಳ ಎರಡೂ ಬದಿಗೆ ಒಂದೊಂದು ಚಿಕ್ಕದು. ರಂಗನತಿಟ್ಟಿನಲ್ಲಿ ದೋಣಿಯಿಂದ ತೆಗೆದ ಹತ್ತಿರದ ಚಿತ್ರವೊಂದನ್ನು ತೆಗೆದು ಈ ಗುಂಪನ್ನು ಒಮ್ಮೆ ಕಣ್ಣು ತುಂಬ ನೋಡಿಕೊಂಡವರು ಅದನ್ನು ಬೇರೆ ಯಾವುದರ ಜೊತೆಗೂ ಕಲಸಿಕೊಳ್ಳುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಬಹಳ ಮುಖ್ಯ. ಉಡದ ಹೊಟ್ಟೆಯ ಹುರುಪೆಗಳು ಬೆನ್ನಿನಂತಲ್ಲ; ಅವು ನಯವಾಗಿ, ಆಯತಾಕಾರವಾಗಿ, ಅಡ್ಡಸಾಲುಗಳಲ್ಲಿ ಜೋಡಿಸಿರುತ್ತವೆ. ಮರ ಹತ್ತುತ್ತಿರುವ ಅಥವಾ ಗೋಡೆಗೆ ಆನಿಕೊಂಡ ಉಡದ ಹೊಟ್ಟೆ ಕ್ಯಾಮೆರಾಕ್ಕೆ ಬಿದ್ದಾಗ "ಚೌಕಚೌಕವಾಗಿದೆ, ಆದ್ದರಿಂದ ಮೊಸಳೆ" ಎಂದು ವಾದಿಸುವವರಿದ್ದಾರೆ. ಚೌಕಗಳು ದೇಹದ ಯಾವ ಭಾಗದಲ್ಲಿವೆ ಎಂಬುದನ್ನು ಮೊದಲು ನಿರ್ಧರಿಸಿ, ಆಮೇಲೆ ಅವುಗಳಿಗೆ ಅರ್ಥ ಕೊಡಬೇಕು. ಪೊರೆ ಬಿಡುತ್ತಿರುವ ಉಡದ ಮೈಮೇಲೆ ಹಳೆಯ ಚರ್ಮ ತುಂಡುತುಂಡಾಗಿ ಎದ್ದಿರುತ್ತದೆ, ಅದನ್ನೂ ದೊಡ್ಡ ಹುರುಪೆ ಎಂದುಕೊಳ್ಳುವ ಸಾಧ್ಯತೆಯಿದೆ. ಎದ್ದ ತುಂಡುಗಳ ಅಂಚು ಒಂದೇ ಅಳತೆಯಲ್ಲಿರುವುದಿಲ್ಲ, ಅವುಗಳೊಳಗೇ ಸಣ್ಣ ಕಾಳಿನ ಗುರುತು ಮುಂದುವರಿದಿರುತ್ತದೆ.

ಉಳಿದ ಹಲ್ಲಿಗಳನ್ನು ಬೇರ್ಪಡಿಸಲು ತಲೆಯ ಮೇಲ್ಭಾಗ ಸಾಕು. ಉಡದ ನೆತ್ತಿಯ ಮೇಲೆ ಸಣ್ಣ, ಆಕಾರ ಒಂದೇ ಆಗಿರದ ಹುರುಪೆಗಳು ಅನೇಕ ಇರುತ್ತವೆ. ಟೇಗು ಮತ್ತು ಹಾವುರಾಣಿಗಳ ನೆತ್ತಿಯ ಮೇಲೆ ಎಡಬಲ ಹೊಂದಿಕೊಳ್ಳುವ ದೊಡ್ಡ ಫಲಕಗಳಿರುತ್ತವೆ. ಸೀಳುನಾಲಿಗೆಯ ಟೇಗುವನ್ನು ಉಡದಿಂದ ಬೇರೆ ಮಾಡುವುದು ಇದೇ. ಅದರ ಬಾಲವೂ ಚಪ್ಪಟೆಯಾಗಿರದೆ ದುಂಡಗೆ, ದಪ್ಪವಾಗಿರುತ್ತದೆ. ಹಾವುರಾಣಿಯ ಮೈಯ ಹುರುಪೆಗಳಂತೂ ಒಂದರ ಮೇಲೊಂದು ಹೊದಿಸಿ ಹೊಳೆಯುತ್ತಿರುತ್ತವೆ. ಇಗ್ವಾನಾದ ಕೆನ್ನೆಯ ಕೆಳಗೆ, ಕಿವಿಯಿಂದ ಸ್ವಲ್ಪ ಕೆಳಕ್ಕೆ, ದುಂಡಗಿನ ಒಂದು ದೊಡ್ಡ ಹುರುಪೆ ಎದ್ದು ಕಾಣುತ್ತದೆ. ಕುತ್ತಿಗೆಯಿಂದ ಬೆನ್ನಿನುದ್ದಕ್ಕೂ ಮೆತ್ತನೆಯ ಮುಳ್ಳಿನ ಸಾಲು, ಗಂಟಲ ಕೆಳಗೆ ಜೋಲುವ ಚರ್ಮ ಇರುತ್ತವೆ. ಓತಿಕ್ಯಾತದ ಮೈಹುರುಪೆಗಳು ಚೂಪಾಗಿ, ಒಂದರ ಮೇಲೊಂದು ಹೊದ್ದುಕೊಂಡಿರುತ್ತವೆ. ಅದು ಚಿಕ್ಕ ಪ್ರಾಣಿಯಾದರೂ ಹತ್ತಿರದಿಂದ ತೆಗೆದ ಫೋಟೊದಲ್ಲಿ ದೊಡ್ಡದಾಗಿ ಕಂಡು ಪ್ರಶ್ನೆಗೆ ಬರುತ್ತಲೇ ಇರುತ್ತದೆ.

ಒಂದು ಉದಾಹರಣೆ: ಕೆರೆಗೆ ಬಂದ "ಮೊಸಳೆ"

ಬಯಲುಸೀಮೆಯ ಒಂದು ಊರಿನ ಕೆರೆಗೆ ಮೊಸಳೆ ಬಂದಿದೆ ಎಂಬ ಮಾತಿನೊಂದಿಗೆ ಪರಿಚಿತರೊಬ್ಬರು ಮೂರು ಚಿತ್ರಗಳನ್ನು ಕಳುಹಿಸಿದ್ದರು. "ಅಣ್ಣಾ, ಬೆನ್ನು ನೋಡಿ, ಪೂರಾ ಬಿಲ್ಲೆಬಿಲ್ಲೆ ಐತೆ. ಹುಡುಗ್ರು ಈಜಾಕೆ ಹೋಗ್ತಾವೆ, ಬೇಗ ಹೇಳಿ" ಎಂದು ಜೊತೆಗೆ ಸಂದೇಶವಿತ್ತು. ಮೂಲ ಚಿತ್ರಗಳನ್ನು ತರಿಸಿಕೊಂಡು ನೋಡಿದ ಕ್ರಮವನ್ನು ಹೇಳುತ್ತೇನೆ.

ಮೊದಲ ಚಿತ್ರದಲ್ಲಿ ಪ್ರಾಣಿ ಏರಿಯ ಒಳಮೈಯ ಕಲ್ಲುಗಳ ಮೇಲೆ ಪಕ್ಕಕ್ಕೆ ಮಲಗಿತ್ತು. ಹಿಂಭಾಗ ಲಂಟಾನದ ಪೊದೆಯಲ್ಲಿ ಮರೆಯಾಗಿತ್ತು, ಬಾಯಿ ಮುಚ್ಚಿತ್ತು. ನಾಲಿಗೆಯೂ ಇಲ್ಲ, ಬಾಲವೂ ಇಲ್ಲ, ಉಳಿದಿದ್ದು ಹುರುಪೆಯೊಂದೇ. ಬೆನ್ನಿನ ಮೇಲೆ ನಿಜವಾಗಿಯೂ ಬಿಲ್ಲೆಗಳು ಕಾಣುತ್ತಿದ್ದವು. ಹಿಗ್ಗಿಸಿ ನೋಡಿದಾಗ ಆ ಬಿಲ್ಲೆಗಳ ಅಂಚುಗಳು ಬೆನ್ನಿನ ನಡುಗೆರೆಯನ್ನು ಮನಸ್ಸಿಗೆ ಬಂದಂತೆ ದಾಟುತ್ತಿದ್ದವು, ಎರಡು ಪಕ್ಕದವು ಒಂದೇ ಅಳತೆಯಲ್ಲಿರಲಿಲ್ಲ, ಯಾವ ಸಾಲಿಗೂ ಸೇರುತ್ತಿರಲಿಲ್ಲ. ಮೂಳೆಫಲಕಗಳಾಗಿದ್ದರೆ ಅವು ಉದ್ದಸಾಲಿಗೂ ಅಡ್ಡಸಾಲಿಗೂ ಒಪ್ಪಬೇಕಿತ್ತು. ಭುಜದ ಹತ್ತಿರ ಒಂದು ಬಿಲ್ಲೆ ಕಳಚಿದ್ದ ಜಾಗದಲ್ಲಿ ಕಾಳುಕಾಳಾದ ಚರ್ಮ ಇಣುಕುತ್ತಿತ್ತು. ಬೆನ್ನಿನ ಮೇಲಿದ್ದುದು ಒಣಗಿ ಬಿರಿದ ಕೆರೆಯ ಕೆಸರು. ಇದರ ಜೊತೆಗೆ ಮುಚ್ಚಿದ ಬಾಯಿಯ ಅಂಚಿನಲ್ಲಿ ಒಂದು ಹಲ್ಲೂ ಹೊರಗೆ ಕಾಣುತ್ತಿರಲಿಲ್ಲ, ತಲೆ ಮತ್ತು ಭುಜದ ನಡುವೆ ಉದ್ದವಾದ ಕುತ್ತಿಗೆ ಇತ್ತು. ಮೊಸಳೆಯ ಬಾಯಿ ಮುಚ್ಚಿದ್ದರೂ ಹಲ್ಲುಗಳು ಹೊರಗೆ ಕಾಣುತ್ತವೆ.

ಎರಡನೆಯದು ಈಜುವ ಚಿತ್ರ, ದೂರದಿಂದ ತೆಗೆದದ್ದು. ಕಣ್ಣು ಕಪ್ಪು ಚುಕ್ಕೆಯಷ್ಟೇ ಆಗಿದ್ದುದರಿಂದ ಹುರುಪೆಯನ್ನು ಬಿಟ್ಟು ಹೊರರೇಖೆಯನ್ನು ಮಾತ್ರ ನೋಡಿದೆ. ಕಿರಿದಾದ ತಲೆ ನೀರಿನ ಮೇಲೆ ಎತ್ತಿತ್ತು, ಅದರ ಹಿಂದೆ ಕುತ್ತಿಗೆಯ ಒಂದು ಭಾಗ ಕಾಣುತ್ತಿತ್ತು. ನೀರಿನಲ್ಲಿರುವ ಮೊಸಳೆ ಕುತ್ತಿಗೆ ಎತ್ತಿ ಈಜುವುದು ಕಾಣಸಿಗುವುದಿಲ್ಲ. ಮೂತಿಯ ತುದಿಯ ಉಬ್ಬು, ಕಣ್ಣುಗಳು, ಬೆನ್ನಿನ ಏಣುಗಳು ನೀರಿನ ಮಟ್ಟಕ್ಕೆ ತಾಗಿ ಕಾಣುತ್ತವೆ, ಬಾಲ ಮೇಲೆ ಬಂದರೆ ನೆಟ್ಟಗಿನ ಹುರುಪೆಗಳು ನೀರನ್ನು ಸೀಳುತ್ತವೆ. ಈ ಚಿತ್ರದಲ್ಲಿ ಹಿಂದೆ ಅಲೆಗಳು ಮಾತ್ರ ಇದ್ದವು. ಒಂದೇ ಇದ್ದಿದ್ದರೆ ಈ ಚಿತ್ರದ ಬಲದ ಮೇಲೆ ನಾನು "ಬಹುಶಃ ಉಡ" ಎಂದಷ್ಟೇ ಹೇಳುತ್ತಿದ್ದೆ, ಏಕೆಂದರೆ ತಲೆಯೆತ್ತಿ ಈಜುವ ದೊಡ್ಡ ಹಾವೂ ದೂರದಿಂದ ಹೀಗೆಯೇ ತೋರಬಹುದು.

ಮೂರನೆಯ ಚಿತ್ರ ತೀರ್ಮಾನಕ್ಕೆ ಸಾಕಾಯಿತು. ಪ್ರಾಣಿ ತೂಬಿನ ಕಟ್ಟೆಯನ್ನು ಹತ್ತುತ್ತಿತ್ತು, ದೇಹ ಪೂರ್ತಿ ಪಕ್ಕಕ್ಕಿತ್ತು. ಬಾಲದ ಮೇಲಂಚಿನಲ್ಲಿ ನಿಂತ ಹುರುಪೆ ಒಂದೂ ಇರಲಿಲ್ಲ, ಬುಡದಿಂದ ತುದಿಯವರೆಗೆ ಒಂದೇ ಗೆರೆ. ಮೂತಿಯಿಂದ ಹಿಂಗಾಲಿನ ಬುಡದವರೆಗೆ ಪರದೆಯ ಮೇಲೆ ಅಳೆದದ್ದಕ್ಕಿಂತ ಬಾಲದ ಅಳತೆ ಸುಮಾರು ಮೂರರಲ್ಲಿ ಒಂದು ಭಾಗದಷ್ಟು ಹೆಚ್ಚಿತ್ತು, ತುದಿ ಮುರಿದಿರಲಿಲ್ಲ. ಮೂಗಿನ ಹೊಳ್ಳೆ ಓರೆಯಾದ ಸೀಳಾಗಿ, ಮೂತಿಯ ತುದಿಗಿಂತ ಕಣ್ಣಿಗೆ ತುಸು ಹತ್ತಿರವಿತ್ತು. ಮೂರು ಚಿತ್ರಗಳಲ್ಲೂ ನಾಲಿಗೆ ಕಾಣಲೇ ಇಲ್ಲ, ಅದರಿಂದ ಉತ್ತರಕ್ಕೆ ಕೊರತೆಯೂ ಆಗಲಿಲ್ಲ. ಕೆರೆಯಲ್ಲಿದ್ದುದು ಬಂಗಾಳ ಉಡವೆಂದು, ಈ ಚಿತ್ರಗಳಲ್ಲಿ ಮೊಸಳೆಯ ಯಾವ ಗುರುತೂ ಇಲ್ಲವೆಂದು, ಅದನ್ನು ಅಟ್ಟಾಡಿಸದೆ ಅದರ ಪಾಡಿಗೆ ಬಿಡಬೇಕೆಂದು ಬರೆದು ಕಳುಹಿಸಿದೆ. ಈ ಮಾತು ಆ ಮೂರು ಚಿತ್ರಗಳಲ್ಲಿದ್ದ ಪ್ರಾಣಿಗೆ ಮಾತ್ರ ಅನ್ವಯಿಸುತ್ತದೆ ಎಂಬುದನ್ನೂ ಸೇರಿಸಿದೆ. ಮೊಸಳೆಯಿರುವ ನದಿಗೆ ಹೊಂದಿಕೊಂಡ ಕೆರೆ ಅಥವಾ ಕಾಲುವೆಯಾಗಿದ್ದರೆ, ಫೋಟೊದಲ್ಲಿ ಉಡವಿದೆ ಎಂಬ ಕಾರಣಕ್ಕೆ ನೀರಿನಲ್ಲಿ ಮೊಸಳೆಯಿಲ್ಲ ಎಂದು ಹೇಳಲು ಬರುವುದಿಲ್ಲ.

ಉಡವೆಂದು ತಿಳಿದ ಮೇಲೆ ಯಾವ ಉಡ?

ಕರ್ನಾಟಕದ ಕಾಡಿನಲ್ಲೋ ಹೊಲದಲ್ಲೋ ತೆಗೆದ ಚಿತ್ರವಾದರೆ ಈ ಪ್ರಶ್ನೆ ಏಳುವುದಿಲ್ಲ. ಹೊರಗಿನ ಚಿತ್ರವಾದರೆ ಮೂಗಿನ ಹೊಳ್ಳೆಯ ಸ್ಥಾನ ಮತ್ತು ಬಾಲದ ಅಡ್ಡಕೊಯ್ತದ ಆಕಾರ ನೋಡಿ. ಒಡಿಶಾದ ಭಿತರ್ಕನಿಕಾ, ಸುಂದರಬನ ಮತ್ತು ಅಂಡಮಾನ್‌ಗಳಲ್ಲಿರುವ ನೀರು ಉಡದ ಹೊಳ್ಳೆ ದುಂಡಗೆ ಅಥವಾ ಅಂಡಾಕಾರವಾಗಿದ್ದು ಮೂತಿಯ ತುದಿಗೆ ಬಹಳ ಹತ್ತಿರವಿರುತ್ತದೆ. ಕಣ್ಣಿನಿಂದ ಅದಕ್ಕಿರುವ ದೂರ, ಮೂತಿಯ ತುದಿಯಿಂದ ಇರುವ ದೂರದ ಸುಮಾರು ಎರಡರಷ್ಟು. ರಾಜಸ್ಥಾನ, ಗುಜರಾತಿನ ಮರಳುನೆಲದ ಮರುಭೂಮಿ ಉಡದ ಬಾಲ ಹೆಚ್ಚುಕಡಿಮೆ ದುಂಡಗಿರುತ್ತದೆ, ಆದ್ದರಿಂದ ಚಪ್ಪಟೆ ಬಾಲವನ್ನೇ ಉಡದ ಗುರುತೆಂದು ಎಲ್ಲೆಡೆ ಹಿಡಿಯಬಾರದು. ಗಂಗಾ, ಬ್ರಹ್ಮಪುತ್ರಾ ಬಯಲಿನ ಹಳದಿ ಉಡಕ್ಕೆ ಬಾಲ ಚಪ್ಪಟೆಯೇ, ಹೊಳ್ಳೆ ಸೀಳಾಗಿಯೇ ಇರುತ್ತದೆ, ಆದರೆ ಮೂತಿಯ ಕಡೆಗೆ ಹತ್ತಿರವಿರುತ್ತದೆ, ಕಾಲ್ಬೆರಳುಗಳು ಗಿಡ್ಡ. ಸಿಂಗಪುರದ ಸುಂಗೈ ಬುಲೋ ಜೌಗುಪ್ರದೇಶದಲ್ಲಿ ನೀರು ಉಡವೂ ಉಪ್ಪುನೀರಿನ ಮೊಸಳೆಯೂ ಒಂದೇ ಕೆಸರಿನ ಮೇಲೆ ಕಾಣಸಿಗುವುದರಿಂದ, ಅಲ್ಲಿಂದ ಬರುವ ಚಿತ್ರಕ್ಕೆ ಬಾಲದ ಅಂಚಿನ ಪರೀಕ್ಷೆಯನ್ನು ಎಂದೂ ಬಿಡಬೇಡಿ.

ಉತ್ತರ ಬರೆಯುವಾಗ ಯಾವ ಲಕ್ಷಣ ಕಂಡು ನಿರ್ಧರಿಸಿದಿರಿ ಎಂಬುದನ್ನೂ ಬರೆಯಿರಿ. "ಬೆನ್ನಿನ ಹುರುಪೆ ಕಾಳುಕಾಳಾಗಿದೆ, ಬಾಲದ ಮೇಲಂಚು ನಯವಾಗಿದೆ, ನಾಲಿಗೆ ಕಂಡಿಲ್ಲ" ಎಂದಿದ್ದರೆ ಇನ್ನೊಬ್ಬರು ಅದನ್ನು ಪರಿಶೀಲಿಸಬಹುದು. ಕಂಡ ಲಕ್ಷಣ ಒಂದೇ ಆಗಿದ್ದರೆ "ಉಡದ ಜಾತಿಯದು" ಎಂಬಲ್ಲಿಗೆ ನಿಲ್ಲಿಸಿ.

ಭಾರತದ ನಾಲ್ಕೂ ಉಡಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿವೆ, ಆದರೂ ಮಾಂಸಕ್ಕಾಗಿ ಮತ್ತು ಮಾಟಮದ್ದಿನ ವ್ಯಾಪಾರಕ್ಕಾಗಿ ಅವುಗಳ ಬೇಟೆ ನಿಂತಿಲ್ಲ. ಡಾಕ್ಯುಮೆಂಟ್ ರೂಪದಲ್ಲಿ ಬರುವ ಮೂಲ ಚಿತ್ರದೊಳಗೆ, ಫೋನಿನ ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಆಗಿದ್ದರೆ, ಫೋಟೊ ತೆಗೆದ ಸ್ಥಳದ ನಿಖರ ವಿವರವೂ ಉಳಿದಿರುತ್ತದೆ. ಗುರುತಿಸುವ ಕೆಲಸಕ್ಕೆ ಆ ಮೂಲ ಚಿತ್ರ ನಿಮ್ಮಿಬ್ಬರ ನಡುವೆ ಇರಲಿ. ಗುಂಪಿಗೆ ಹಾಕುವ ಮುನ್ನ ಸ್ಥಳದ ವಿವರ ತೆಗೆದುಹಾಕಿ, ಊರಿನ ಹೆಸರಿನ ಬದಲು ಜಿಲ್ಲೆಯ ಹೆಸರಷ್ಟನ್ನೇ ಬರೆಯಿರಿ, ಬಿಲ ಅಥವಾ ಹುತ್ತದ ಗುರುತು ಸಿಗುವಂತಹ ಹಿನ್ನೆಲೆಯಿದ್ದರೆ ಚಿತ್ರವನ್ನು ಕತ್ತರಿಸಿ ಹಾಕಿ.